ಹಲಗೆಗೆ ಆರು ಹೆಜ್ಜೆ ಮೊದಲು

ಉದ್ದಜಿಗಿತದ ಹಲಗೆಯ ಅಗಲ 20 ಸೆಂಟಿಮೀಟರ್. ಫೌಲ್ ಆದೊಡನೆ ಓಟದ ಆರಂಭವನ್ನು ಹಿಂದಕ್ಕೆ ಸರಿಸುವವರೇ ಹೆಚ್ಚು. ಆದರೆ ತಪ್ಪು ಹುಟ್ಟಿದ್ದು ಎಲ್ಲಿ?

ಅದನ್ನು ಹಿಡಿಯಲು ಕೋಚ್ ಹಲಗೆಗೆ ಆರು ಹೆಜ್ಜೆ ಮೊದಲು, ಟ್ರ್ಯಾಕಿನ ಪಕ್ಕದಲ್ಲಿ ಟೇಪಿನ ಗುರುತಿಟ್ಟು ಅಲ್ಲೇ ನಿಲ್ಲುತ್ತಾರೆ. ಜಿಗಿಯುವ ಕಾಲು ಅಲ್ಲಿ ಬೀಳಬೇಕು. ಓಡುವವಳು ಮಾತ್ರ ಅದನ್ನು ನೋಡಕೂಡದು.

ಹುಡುಗಿಯೊಬ್ಬಳು 15 ಸೆಂಟಿಮೀಟರ್ ಫೌಲ್ ಮಾಡಿದಳೆನ್ನಿ. ಗುರುತಿನಲ್ಲೂ ಕಾಲು ಅಷ್ಟೇ ಮುಂದಿದ್ದರೆ ತಪ್ಪು ಮೊದಲ ಭಾಗದ್ದು. ನಾಲ್ಕಾರು ಓಟಗಳಲ್ಲೂ ಹೀಗೇ ಆದರೆ ಆರಂಭವನ್ನು 15 ಸೆಂಟಿಮೀಟರ್ ಹಿಂದಿಡಬಹುದು. ಒಮ್ಮೆ ಮುಂದೆ, ಒಮ್ಮೆ ಹಿಂದೆ ಬೀಳುತ್ತಿದ್ದರೆ ಆರಂಭದ ಹೆಜ್ಜೆಗಳನ್ನೇ ತಿದ್ದಬೇಕು.

ಗುರುತಿನಲ್ಲಿ ಕಾಲು ಸರಿಯಾಗಿ ಬಿದ್ದೂ ಫೌಲಾದರೆ, ಆಕೆ ಕೊನೆಗೆ ಹಲಗೆಗಾಗಿ ಕಾಲು ಚಾಚುತ್ತಿರಬಹುದು. ಆಗ ಟೇಪ್ ಸರಿಸಿ ಪ್ರಯೋಜನವಿಲ್ಲ. ದೃಷ್ಟಿ ಮುಂದಿಟ್ಟು, ಜಿಗಿಯದೆ, ಅದೇ ಲಯದಲ್ಲಿ ಹಲಗೆ ದಾಟಿ ಓಡಿಸಬೇಕು.