ಡಯಾಲಿಸಿಸ್ ಹಾಳೆಗಳನ್ನು ಓದುವ ಕ್ರಮ

ನ್ಯಾಲ್ಕಲ್ ಕಡೆಯ ಹಳ್ಳಿಗಳಿಗೆ ಹತ್ತಿರದ ದೊಡ್ಡ ಊರುಗಳೆಂದರೆ ಜಹೀರಾಬಾದ್ ಮತ್ತು ಗಡಿಯಾಚೆಯ ಬೀದರ್. ಮೂತ್ರಪಿಂಡ ಕೆಟ್ಟವರು ಡಯಾಲಿಸಿಸ್‌ಗೆ ಎಲ್ಲಿಗೇ ಹೋಗಲಿ, ಪ್ರತಿ ಸಲವೂ ನರ್ಸ್ ಒಂದು ಹಾಳೆ ತುಂಬುತ್ತಾರೆ: ಮುಂಚಿನ ತೂಕ, ಆಮೇಲಿನ ತೂಕ, ಬಿ.ಪಿ., ಕೈಯ ಫಿಸ್ಟುಲಾ ಹೇಗಿದೆ, ನಡುವೆ ಏನು ತೊಂದರೆಯಾಯಿತು. ಅದು ಆ ದಿನದ ಲೆಕ್ಕವೆಂದು ಫೈಲಿಗೆ ಸೇರಿಬಿಡುತ್ತದೆ. ಆದರೆ ಅದರಲ್ಲಿನ ಮುಖ್ಯ ಸುಳಿವುಗಳು ಕಾಣುವುದು ಹಲವು ಹಾಳೆಗಳನ್ನು ಒಟ್ಟಿಗಿಟ್ಟು ಓದಿದಾಗಲೇ.

ತೂಕವನ್ನೇ ನೋಡೋಣ. ಹೆಚ್ಚುವರಿ ನೀರಿಲ್ಲದಾಗಿನ ತೂಕಕ್ಕೆ ‘ಡ್ರೈ ವೇಟ್’ ಎನ್ನುತ್ತಾರೆ. 50 ಕೆ.ಜಿ. ಡ್ರೈ ವೇಟ್ ಇರುವವರು 53 ಕೆ.ಜಿ. ತೂಗಿದರೆ ಸುಮಾರು 3 ಲೀಟರ್ ನೀರು ತೆಗೆಯಬೇಕು. 4 ತಾಸಿನಲ್ಲಿ ಅಷ್ಟನ್ನೂ ತೆಗೆದರೆ ಪ್ರತಿ ಕೆ.ಜಿ.ಗೆ ತಾಸಿಗೆ 15 ಮಿ.ಲೀ. ಆಗುತ್ತದೆ, 13 ದಾಟಬಾರದು ಎಂಬುದು ಸಾಮಾನ್ಯ ಎಚ್ಚರಿಕೆ. ಯಂತ್ರ ನೀರು ಎಳೆಯುವುದು ರಕ್ತದಿಂದ. ಮೈಯ ಉಳಿದ ಭಾಗದ ನೀರು ರಕ್ತಕ್ಕೆ ಅಷ್ಟೇ ವೇಗದಲ್ಲಿ ಬಂದು ಸೇರದಿದ್ದರೆ ಬಿ.ಪಿ. ಕುಸಿಯುತ್ತದೆ, ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ. ಒಂದು ದಿನ ಹೀಗಾದರೆ ಬೆಳಿಗ್ಗೆ ನುಂಗಿದ ಬಿ.ಪಿ. ಮಾತ್ರೆಯೋ ನಡುವೆ ಉಂಡ ಊಟವೋ ಕಾರಣವಿರಬಹುದು. ನೀರು ಕಡಿಮೆಯೇ ಸೇರಿದ್ದರೂ ಪ್ರತಿ ಸಲ ಕೊನೆಯ ತಾಸಿನಲ್ಲಿ ಹೀಗಾಗುತ್ತಿದ್ದರೆ, ರೋಗಿ ಚೆನ್ನಾಗಿ ಉಂಡು ಮೈ ತುಂಬಿಕೊಂಡಿರಬಹುದು. ಆಗ ಡ್ರೈ ವೇಟ್ ಹೆಚ್ಚಿಸುವ ವಿಚಾರ ಮಾಡಬೇಕು. ಇದಕ್ಕೆ ತದ್ವಿರುದ್ಧವೂ ಉಂಟು. ಹೊಟ್ಟೆಗೆ ಸೇರದೆ ಮೈ ಇಳಿದವರಲ್ಲಿ ಮಾಂಸದ ಜಾಗದಲ್ಲಿ ನೀರು ನಿಂತು ತೂಕ ಸರಿಯಾಗಿಯೇ ಕಾಣುತ್ತದೆ. ಕಾಲಿನ ಬಾವು, ಏರಿಯೇ ಇರುವ ಬಿ.ಪಿ., ಮಲಗಿದರೆ ಬರುವ ಏದುಸಿರು ನಿಜ ಹೇಳುತ್ತವೆ.

ಫಿಸ್ಟುಲಾದ ಸಾಲನ್ನೂ ಹೀಗೆಯೇ ಓದಬೇಕು. ಸೂಜಿ ಚುಚ್ಚುವ ಮುನ್ನ ನರ್ಸ್ ಕೆಂಪು, ಬಾವು ನೋಡುತ್ತಾರೆ. ಬೆರಳಿಟ್ಟು ಅದಿರುವಿಕೆಯನ್ನು ಗಮನಿಸುತ್ತಾರೆ. ಅದಿರುವಿಕೆ ನಿಂತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ವೈದ್ಯರು ನೋಡಲೇಬೇಕು. ಆದರೆ ನಾಳ ಕಿರಿದಾಗುವುದು ಮೆಲ್ಲಗೆ. ಸೂಜಿಯ ಗಾತ್ರ, ರಕ್ತದ ವೇಗ ಬದಲಾಗದಿದ್ದರೂ ವೀನಸ್ ಪ್ರೆಷರ್ ವಾರದಿಂದ ವಾರಕ್ಕೆ ಏರುವುದು, ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವುದು ಅದರ ಲಕ್ಷಣ. ಒಂದೇ ದಿನದ ಅಂಕಿಯಲ್ಲಿ ಈ ಏರಿಕೆ ಸಿಗದು.

ಯಂತ್ರವೇ ಎಲ್ಲ ದಾಖಲಿಸುವಾಗ ನರ್ಸ್ ಏಕೆ ಬರೆಯಬೇಕು ಎಂಬ ಆಕ್ಷೇಪವಿದೆ. ಯಂತ್ರಕ್ಕೆ ತಾನು ತೆಗೆದ ನೀರಿನ ಲೆಕ್ಕ ಗೊತ್ತು. ಎಷ್ಟು ತೆಗೆಯಬೇಕೆಂಬುದನ್ನು ಮನುಷ್ಯರೇ ಹೇಳಬೇಕು. ಚಳಿಗಾಲದ ಕಂಬಳಿ ಹೊದ್ದೇ ತೂಗಿದರೆ ಅದರ ಭಾರವನ್ನೂ ನೀರೆಂದೇ ಎಳೆಯುತ್ತದೆ. ನರ್ಸ್‌ಗಳಿಗೆ ಬಿಡುವಿಲ್ಲ, ಹಾಳೆ ಕೊನೆಗೆ ಅಂದಾಜಿನಲ್ಲಿ ತುಂಬುತ್ತದೆ ಎಂಬ ಇನ್ನೊಂದು ಮಾತು ನ್ಯಾಯವಾದದ್ದೇ. ನಾಲ್ಕು ತಾಸೂ ಬಿ.ಪಿ. 130/80 ಎಂದೇ ಇದ್ದರೆ ಯಾರೂ ಅಳೆದಿಲ್ಲವೆಂದು ಶಂಕಿಸಬೇಕು. ಅದಕ್ಕೆ ಪರಿಹಾರ ಹಾಳೆಯನ್ನು ಕೈಬಿಡುವುದಲ್ಲ. ಒಬ್ಬ ನರ್ಸ್‌ಗೆ ವಹಿಸುವ ರೋಗಿಗಳ ಸಂಖ್ಯೆ ತಗ್ಗಿಸುವುದು. ಜಹೀರಾಬಾದ್ ಬಿಟ್ಟು ಬೀದರ್‌ಗೆ ಹೋಗುವವರು ಕೊನೆಯ ಹತ್ತು ಸರದಿಗಳ ಹಾಳೆಗಳ ಜೆರಾಕ್ಸ್ ಜೊತೆಗೊಯ್ಯಬೇಕು. ಇಲ್ಲವಾದರೆ ಅಲ್ಲಿನವರು ಡ್ರೈ ವೇಟನ್ನು ಮೊದಲಿನಿಂದ ಹುಡುಕಬೇಕಾಗುತ್ತದೆ, ಆ ಹುಡುಕಾಟದಲ್ಲಿ ಬಿ.ಪಿ. ಕುಸಿಯುವುದು ರೋಗಿಯದೇ.