ಮಾಡು ಹಾಕಿಸಿದ ಅಣ್ಣ, ಲೆಕ್ಕ ಕೇಳುವ ತಮ್ಮ

ಮಲೆನಾಡಿನ ಒಂದು ಹಳೆಯ ಹೆಂಚಿನ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಜ್ಜನ ಕಾಲದ್ದು. ಅಪ್ಪ ಅಮ್ಮ ಇಬ್ಬರೂ ಇಲ್ಲ, ಉಯಿಲೂ ಇಲ್ಲ. ಅಣ್ಣ ಮನೆಯಲ್ಲೇ ಇದ್ದಾನೆ, ತಮ್ಮ ಬೆಂಗಳೂರಿನಲ್ಲಿ, ತಂಗಿ ಮದುವೆಯಾಗಿ ಶಿವಮೊಗ್ಗದಲ್ಲಿ. ಮೂವರಿಗೂ ಮೂರರಲ್ಲಿ ಒಂದು ಪಾಲು. 2005ರ ತಿದ್ದುಪಡಿಯ ನಂತರ, ಅದರಲ್ಲೂ 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ತಂಗಿಯ ಪಾಲಿನ ಬಗ್ಗೆ ತಕರಾರು ಎತ್ತುವುದು ಕಷ್ಟ. ಮೂರು ವರ್ಷದ ಹಿಂದೆ ತಮ್ಮ ವಕೀಲರ ಮೂಲಕ ಪಾಲು ಕೇಳಿ ನೋಟಿಸ್ ಕೊಟ್ಟ. ಅಣ್ಣನ ಉತ್ತರ: “ಗೆದ್ದಲು ತಿಂದ ಜಂತಿ ಬದಲಿಸಿದವನು ನಾನು. ಆಗ ಎಲ್ಲಿದ್ದೆ?”

ಆ ನೋಟಿಸಿನ ತಾರೀಖು ಮುಖ್ಯ. ಕುಟುಂಬ ಒಟ್ಟಾಗಿದ್ದಷ್ಟು ಕಾಲ ಯಜಮಾನನಾದವನು ಮಾಡಿದ ಖರ್ಚು, ಪಡೆದ ಆದಾಯವನ್ನು ಪೈಸೆ ಪೈಸೆ ಕೆದಕುವಂತಿಲ್ಲ. ಮೋಸವೋ ದುರುಪಯೋಗವೋ ಇದ್ದರೆ ಮಾತು ಬೇರೆ. ಬೇರೆಯಾಗುತ್ತೇನೆ ಎಂದು ಸ್ಪಷ್ಟವಾಗಿ ತಿಳಿಸಿದ ದಿನದಿಂದ ಲೆಕ್ಕ ಶುರು. ಹಬ್ಬಕ್ಕೆ ಬಂದಾಗ ಜಗಲಿಯಲ್ಲಿ ಕೂತು ಆಡಿದ ಮಾತನ್ನು ಹತ್ತು ವರ್ಷದ ಮೇಲೆ ಕೋರ್ಟಿನಲ್ಲಿ ಸಾಬೀತು ಮಾಡುವುದು ಯಾರಿಗೂ ಸುಲಭವಲ್ಲ.

ನೋಟಿಸಿನ ನಂತರದ ಮಳೆಗಾಲಕ್ಕೆ ಮಾಡು ಕುಸಿಯುವಂತಾಯಿತು. ಅಣ್ಣ ಆರು ಲಕ್ಷ ಖರ್ಚು ಮಾಡಿ ಜಂತಿ, ತೊಲೆ, ಹೆಂಚು ಬದಲಿಸಿದ. ಮನೆ ಉಳಿಯಲು ಇದು ಅನಿವಾರ್ಯವಾಗಿತ್ತು, ಉಳಿದವರಿಗೂ ಇದರ ಲಾಭವಿದೆ. ಹಾಗಾಗಿ ತಲಾ ಎರಡು ಲಕ್ಷ ಕೇಳುವುದು ನ್ಯಾಯ. ಆದರೆ ಬಿಲ್ಲು, ಬಡಗಿಯ ರಸೀದಿ, ರಿಪೇರಿಗೆ ಮುಂಚಿನ ಫೋಟೋ ಬೇಕು. ಅದೇ ವರ್ಷ ತನ್ನ ಮಗನಿಗೆಂದು ಮೇಲೊಂದು ಕೋಣೆ ಕಟ್ಟಿಸಿದ, ಒಂಬತ್ತು ಲಕ್ಷ. ಇದು ರಿಪೇರಿಯಲ್ಲ, ಸುಧಾರಣೆ. ಒಪ್ಪಿಗೆ ಕೇಳದೆ ಕಟ್ಟಿದ್ದಕ್ಕೆ ಹಣ ಕೊಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ. ಜಾಗ ತನ್ನದೊಬ್ಬನದೇ ಎಂದು ನಂಬಿ ಕಟ್ಟಿದ ಖರೀದಿದಾರನಿಗೆ ಆಸ್ತಿ ವರ್ಗಾವಣೆ ಕಾಯಿದೆಯ 51ನೇ ಕಲಮಿನಲ್ಲಿ ರಕ್ಷಣೆಯಿದೆ. ಪಾಲುದಾರರಿದ್ದಾರೆಂದು ಗೊತ್ತಿದ್ದೇ ಕಟ್ಟಿದ ಅಣ್ಣನಿಗೆ ಅದು ಸಿಗದು. ಪಾಲು ಮಾಡುವಾಗ ಆ ಭಾಗವನ್ನು ಆದಷ್ಟೂ ಅವನಿಗೇ ಬಿಡುವುದು ಕೋರ್ಟುಗಳ ರೂಢಿ. ತಡೆಯಾಜ್ಞೆ ಇರುವಾಗ ಕಟ್ಟಿದರೆ ಆ ಅನುಕಂಪವೂ ಇರದು.

ಇನ್ನು ಒಬ್ಬನೇ ವಾಸವಿರುವ ಪ್ರಶ್ನೆ. ಇಲ್ಲಿ ತಮ್ಮಂದಿರ ನಿರೀಕ್ಷೆ ಹೆಚ್ಚಾಗಿ ಹುಸಿಯಾಗುತ್ತದೆ. ಪಾಲುದಾರನೊಬ್ಬ ಇಡೀ ಮನೆಯಲ್ಲಿದ್ದರೆ ಅವನ ಸ್ವಾಧೀನ ಎಲ್ಲರ ಪರವಾಗಿಯೂ ಇದ್ದಂತೆ. ಇದ್ದ ಮಾತ್ರಕ್ಕೆ ಬಾಡಿಗೆ ಕೊಡಬೇಕಿಲ್ಲ. ಖಾತೆ ತನ್ನ ಹೆಸರಿಗಿದೆ, ಕಂದಾಯ ಕಟ್ಟುತ್ತಿದ್ದೇನೆ ಎಂದರೂ ಮನೆ ಅವನದಾಗದು, ಎಷ್ಟು ವರ್ಷ ಕಳೆದರೂ. ಬೀಗ ಬದಲಿಸಿ, ಬಂದವರನ್ನು ಬಾಗಿಲಲ್ಲೇ ತಡೆದು, ‘ನಿಮಗೆ ಪಾಲೇ ಇಲ್ಲ’ ಎಂದು ತಿಳಿಸಿದ ದಿನ ಕಥೆ ಬದಲಾಗುತ್ತದೆ. ಅಂದಿನಿಂದ ಹೊರಗುಳಿದವರು ತಮ್ಮ ಪಾಲಿನ ಉಪಯೋಗದ ಬೆಲೆ ಕೇಳಬಹುದು. ಆದರೆ ಅಂದಿನಿಂದಲೇ ಹನ್ನೆರಡು ವರ್ಷದ ಕಾಲಮಿತಿಯೂ ಓಡತೊಡಗುತ್ತದೆ.

ವಕೀಲರ ವಲಯಕ್ಕೆ ಚೆನ್ನಾಗಿ ಗೊತ್ತಿರುವ ಇಕ್ಕಟ್ಟೊಂದಿದೆ. ‘ನಾನೂ ಜಂಟಿ ಸ್ವಾಧೀನದಲ್ಲಿದ್ದೇನೆ’ ಎಂದು ದಾವೆಯಲ್ಲಿ ಬರೆದರೆ ಕರ್ನಾಟಕದಲ್ಲಿ ಕೋರ್ಟ್ ಶುಲ್ಕ ಅಲ್ಪ. ‘ನನ್ನನ್ನು ಹೊರಗಿಟ್ಟಿದ್ದಾರೆ’ ಎಂದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಅಗ್ಗದ ದಾರಿ ಹಿಡಿದವನು ಆಮೇಲೆ ಹೊರಗಿಟ್ಟ ನಷ್ಟ ಕೇಳಿದರೆ ಎದುರು ವಕೀಲರು ಆ ಸಾಲನ್ನೇ ಓದಿ ತೋರಿಸುತ್ತಾರೆ.

ಬೇರೆಯವರಿಂದ ಬಂದ ಬಾಡಿಗೆಗೆ ಈ ಗೊಂದಲವಿಲ್ಲ, ಅದು ಎಲ್ಲರದು. ನಮ್ಮ ಉದಾಹರಣೆಯಲ್ಲಿ ರಸ್ತೆ ಬದಿಯ ಎರಡು ಮಳಿಗೆಗಳಿಂದ ತಿಂಗಳಿಗೆ ಹತ್ತು ಸಾವಿರ. ನೋಟಿಸಿನ ನಂತರ ಮೂರು ವರ್ಷಕ್ಕೆ 3.6 ಲಕ್ಷ. ತಮ್ಮನಿಗೂ ತಂಗಿಗೂ ತಲಾ 1.2 ಲಕ್ಷ ಬರಬೇಕು. ಮಾಡಿನ ಖರ್ಚಿಗೆ ತಲಾ ಎರಡು ಲಕ್ಷ ಕೊಡಬೇಕು. ಕಳೆದರೆ ಇಬ್ಬರೂ ಅಣ್ಣನಿಗೆ ಎಂಬತ್ತು ಸಾವಿರ ಬಾಕಿ. ಲೆಕ್ಕ ಕೇಳಿದವನೇ ಬಾಕಿದಾರನಾಗುವುದು ಹೀಗೆ.

ಪ್ರಾಥಮಿಕ ಡಿಕ್ರಿಯಲ್ಲಿ ಪಾಲು ನಿಗದಿಯಾದ ಮೇಲೆ ಕೋರ್ಟ್ ಕಮಿಷನರ್ ಮನೆಗೆ ಬಂದು ಅಳೆಯುತ್ತಾರೆ. ಒಂದೇ ಅಂಗಳ, ಒಂದೇ ಅಡುಗೆಮನೆ. ಮೂರು ಭಾಗ ಮಾಡಲಾಗದು ಎಂದೇ ವರದಿ ಬರುವ ಸಂಭವ ಹೆಚ್ಚು. ಆಗ 1893ರ ವಿಭಜನಾ ಕಾಯಿದೆ ಕೆಲಸಕ್ಕೆ ಬರುತ್ತದೆ. ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಪಾಲಿರುವವರು, ಇಲ್ಲಿ ತಮ್ಮ ಮತ್ತು ತಂಗಿ ಸೇರಿ, ಮಾರಿ ಹಂಚಿ ಎನ್ನಬಹುದು. ಮಾರುವ ಬದಲು ಕೋರ್ಟ್ ಕಟ್ಟಿದ ಬೆಲೆಗೆ ನಾನೇ ಕೊಳ್ಳುತ್ತೇನೆ ಎಂದು ಅಣ್ಣ ಕೇಳಬಹುದು. ಬೆಲೆ 60 ಲಕ್ಷ ಎಂದುಕೊಳ್ಳಿ. ಅದರಲ್ಲಿ ಮೇಲಿನ ಕೋಣೆಯಿಂದ ಹೆಚ್ಚಿದ್ದು ಆರು ಲಕ್ಷ. ಖರ್ಚಾದ ಒಂಬತ್ತನ್ನಲ್ಲ, ಹೆಚ್ಚಿದ ಆರನ್ನು ಬಿಡಲು ಕೋರ್ಟ್ ಒಪ್ಪಿದರೆ ಉಳಿದದ್ದು 54 ಲಕ್ಷ, ಪಾಲು 18 ಲಕ್ಷ. ಬಾಕಿ ಎಂಬತ್ತು ಸಾವಿರ ಕಳೆದು ತಮ್ಮನಿಗೂ ತಂಗಿಗೂ ಅಣ್ಣ ತಲಾ 17.2 ಲಕ್ಷ ಕಟ್ಟಬೇಕು. ಕಟ್ಟಲಾಗದಿದ್ದರೆ ಮನೆ ಹರಾಜಿಗೆ ಹೋಗುತ್ತದೆ. ಅಲ್ಲಿ ಮೂವರಲ್ಲಿ ಯಾರು ಬೇಕಾದರೂ ಕೂಗಬಹುದು.