ಸೌರ ಬೇಲಿಯ ಬ್ಯಾಟರಿ: ‘ತುಂಬಿದೆ’ ಎಂಬ ದೀಪವನ್ನು ಎಷ್ಟು ನಂಬಬೇಕು?

ಸೇಡಂ ತಾಲ್ಲೂಕಿನ ಕೋಡ್ಲಾ ಹಾಗೂ ಅದರ ಸುತ್ತಲಿನ ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗಗಳ ಕಪ್ಪು ಭೂಮಿಯಲ್ಲಿ ತೊಗರಿ ಮುಖ್ಯ ಬೆಳೆ. ಕಾಯಿ ಕಟ್ಟುವ ಕಾಲದಲ್ಲಿ ಕಾಡುಹಂದಿಗಳನ್ನು ತಡೆಯಲು ಹೊಲಕ್ಕೆ ಸೌರ ಝಟಕಾ ಬೇಲಿ ಹಾಕುವ ರೈತರಿದ್ದಾರೆ. ಈ ಬೇಲಿ ಕೆಲಸ ಮಾಡಬೇಕಾದುದು ರಾತ್ರಿ. ಹಗಲು ಸೌರ ಫಲಕದಿಂದ ಬಂದ ವಿದ್ಯುತ್ತು ಬ್ಯಾಟರಿಯಲ್ಲಿ ಕೂಡಿರದಿದ್ದರೆ ನಡುರಾತ್ರಿಯಲ್ಲಿ ಬೇಲಿ ಸತ್ತುಹೋಗುತ್ತದೆ.

ಇಂತಹ ಜೋಡಣೆಗಳಲ್ಲಿ ಎರಡು ಬಗೆಯ ದೋಷ ಕಂಡುಬರುತ್ತದೆ. ಮಧ್ಯಾಹ್ನಕ್ಕೆ ಮೊದಲೇ ಚಾರ್ಜ್ ಕಂಟ್ರೋಲರಿನಲ್ಲಿ ‘ತುಂಬಿದೆ’ ಎಂಬ ದೀಪ ಹೊತ್ತಿಕೊಂಡು, ರಾತ್ರಿ ಬ್ಯಾಟರಿ ಬೇಗ ಖಾಲಿಯಾಗುವುದು ಮೊದಲನೆಯದು. ಬಿಸಿಲಿದ್ದರೂ ಚಾರ್ಜೇ ಆಗದಿರುವುದು ಎರಡನೆಯದು. ಎರಡರಲ್ಲಿಯೂ ಬ್ಯಾಟರಿ ಕೆಟ್ಟಿದೆಯೆಂದು ತಿಳಿದು ಹೊಸದನ್ನು ಕೊಳ್ಳುವ ಮೊದಲು, ಒಂದು ಸಾಧಾರಣ ಮಲ್ಟಿಮೀಟರಿನಿಂದ ಕೆಲವು ಪರೀಕ್ಷೆಗಳನ್ನು ಮಾಡಿಕೊಳ್ಳಬೇಕು.

ದೀಪ ಅಳೆಯುವುದು ಏನನ್ನು?

ಕೊಡದಲ್ಲಿ ಎಷ್ಟು ನೀರಿದೆಯೆಂದು ಕಣ್ಣಿಗೆ ಕಾಣುತ್ತದೆ. ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ತಿದೆಯೆಂಬುದು ಸಾಧಾರಣ ಕಂಟ್ರೋಲರಿಗೆ ಕಾಣುವುದಿಲ್ಲ. ತನ್ನ ಬ್ಯಾಟರಿ ತುದಿಗಳಲ್ಲಿರುವ ವೋಲ್ಟೇಜನ್ನು ಮಾತ್ರ ಅದು ನೋಡುತ್ತದೆ. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಚಾರ್ಜಾಗುತ್ತ ಹೋದಂತೆ ವೋಲ್ಟೇಜು ಏರಿ ಸುಮಾರು 14.4ಕ್ಕೆ ಬರುತ್ತದೆ. ಆಗ ಕಂಟ್ರೋಲರು ವಿದ್ಯುತ್ತನ್ನು ಕಡಿಮೆ ಮಾಡಿ, ಕೆಲವು ಹೊತ್ತಿನ ನಂತರ 13.7ರ ಸುಮಾರಿನಲ್ಲಿ ನಿಲ್ಲಿಸುತ್ತದೆ. ಆದುದರಿಂದ ಯಾವುದೇ ಕಾರಣದಿಂದ ಕಂಟ್ರೋಲರಿನ ತುದಿಯಲ್ಲಿ 14.4 ಕಾಣಿಸಿಕೊಂಡರೂ, ಬ್ಯಾಟರಿ ಅರ್ಧ ಖಾಲಿಯಿದ್ದರೂ, ಅದು ತುಂಬಿದೆಯೆಂದೇ ತೋರಿಸುತ್ತದೆ. ಬೇಗ ತುಂಬಿದಂತೆ ಕಾಣುವ ದೋಷದ ಮೂಲ ಇದೇ.

ಒಂದು ಜೋಡಣೆಯ ಲೆಕ್ಕ

ಉದಾಹರಣೆಗೆ ಒಂದು ತೊಗರಿ ಹೊಲದಲ್ಲಿ 75 ವ್ಯಾಟಿನ ಫಲಕ, 12 ವೋಲ್ಟ್ 40 ಆಂಪೇರ್-ಗಂಟೆಯ ಬ್ಯಾಟರಿ ಇವೆ ಎಂದುಕೊಳ್ಳೋಣ. ಬೇಲಿಯ ಯಂತ್ರ ಮತ್ತು ಒಂದು ಚಿಕ್ಕ ದೀಪ ಸೇರಿ ರಾತ್ರಿಗೆ 12 ಆಂಪೇರ್-ಗಂಟೆ ಬಳಸುತ್ತವೆ. ಫಲಕ ಒಳ್ಳೆಯ ಬಿಸಿಲಿನಲ್ಲಿ 4 ಆಂಪೇರು ಕೊಡುತ್ತದೆ. ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲೆಂದರೆ 20 ಆಂಪೇರ್-ಗಂಟೆ. ಲೆಕ್ಕದ ಪ್ರಕಾರ ಕೊರತೆ ಬರಬಾರದು.

ಆದರೆ ಕಂಟ್ರೋಲರನ್ನು ಫಲಕದ ಕಂಬಕ್ಕೆ ಕಟ್ಟಿ, ಬ್ಯಾಟರಿಯನ್ನು 10 ಮೀಟರು ದೂರದ ಗುಡಿಸಲಿನಲ್ಲಿ ಇಡಲಾಗಿದೆ. ನಡುವೆ ಎಳೆದಿರುವುದು 1 ಚದರ ಮಿಲಿಮೀಟರಿನ ತಾಮ್ರದ ತಂತಿ. ಹೋಗಿ ಬರುವ ತಂತಿ ಸೇರಿ 20 ಮೀಟರಾಗುತ್ತದೆ. ಇಂತಹ ತಂತಿಯ ತಡೆ ಮೀಟರಿಗೆ ಸುಮಾರು 0.018 ಓಮ್; 20 ಮೀಟರಿಗೆ 0.36 ಓಮ್. ಇದರಲ್ಲಿ 4 ಆಂಪೇರು ಹರಿದಾಗ 4 × 0.36 = 1.44 ವೋಲ್ಟು ತಂತಿಯಲ್ಲಿಯೇ ಕಳೆದುಹೋಗುತ್ತದೆ. ಬ್ಯಾಟರಿಯ ಮೇಲೆ 13 ವೋಲ್ಟಿದ್ದಾಗಲೇ ಕಂಟ್ರೋಲರಿನ ತುದಿಯಲ್ಲಿ 14.4 ಕಾಣುತ್ತದೆ. ಬಿಸಿಲು ಏರುತ್ತಿದ್ದಂತೆ ದೀಪ ಹೊತ್ತುತ್ತದೆ, ಮುಂದೆ ಹೋಗುವ ವಿದ್ಯುತ್ತು ಕಡಿಮೆಯಾಗುತ್ತದೆ.

ಹೀಗೆ ದಿನಕ್ಕೆ 8 ಆಂಪೇರ್-ಗಂಟೆ ಮಾತ್ರ ಮರಳಿ ತುಂಬಿದರೂ, ರಾತ್ರಿ 12 ಹೊರಹೋಗುವುದರಿಂದ ದಿನಕ್ಕೆ 4ರ ಕೊರತೆ. ಐದು ದಿನಗಳಲ್ಲಿ ಬ್ಯಾಟರಿಯ ಅರ್ಧ ಖಾಲಿಯಾಗಿರುತ್ತದೆ. ದೀಪ ಮಾತ್ರ ಪ್ರತಿ ದಿನವೂ ತುಂಬಿದೆಯೆಂದು ಹೇಳುತ್ತಿರುತ್ತದೆ.

ಬ್ಯಾಟರಿಯನ್ನು ಕಂಟ್ರೋಲರಿನಿಂದ ಒಂದು ಮೀಟರಿನೊಳಗೆ ತಂದು 2.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ಈ ನಷ್ಟ 0.06 ವೋಲ್ಟಿಗೆ ಇಳಿಯುತ್ತದೆ. ಉದ್ದ ತಂತಿ ಬೇಕೇ ಆದರೆ ಅದು ಫಲಕ ಮತ್ತು ಕಂಟ್ರೋಲರಿನ ನಡುವೆ ಇರಲಿ. ಅಲ್ಲಿ ಸ್ವಲ್ಪ ವೋಲ್ಟೇಜು ಕಳೆದರೂ ಕಂಟ್ರೋಲರು ಮೋಸ ಹೋಗುವುದಿಲ್ಲ. ಆದರೂ ಅಲ್ಲಿಯೂ ತೀರ ತೆಳ್ಳಗಿನ ತಂತಿ ಸಲ್ಲದು.

ಎರಡು ಕಡೆ ಅಳೆಯುವ ವಿಧಾನ

ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಡಬೇಕು. ‘ತುಂಬಿದೆ’ ದೀಪ ಆಗತಾನೇ ಹೊತ್ತಿದಾಗ, ಮೊದಲು ಕಂಟ್ರೋಲರಿನ ಬ್ಯಾಟರಿ ತುದಿಗಳಲ್ಲಿ, ಕೂಡಲೇ ಬ್ಯಾಟರಿಯ ಸೀಸದ ಕಂಬಗಳ ಮೇಲೆ ಅಳೆಯಬೇಕು. ಬಹಳ ಹೊತ್ತು ಬಿಟ್ಟು ಅಳೆದರೆ ವಿದ್ಯುತ್ತು ಕಡಿಮೆಯಾಗಿ ವ್ಯತ್ಯಾಸ ಅಡಗಿಹೋಗುತ್ತದೆ.

ಎರಡು ಅಳತೆಗಳ ನಡುವೆ 0.2 ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ದೋಷ ತಂತಿಯಲ್ಲಿ ಅಥವಾ ಜೋಡಣೆಯಲ್ಲಿದೆ. ಕಂಬದ ಮೇಲೆ ಬಿಳಿ ಅಥವಾ ಹಸಿರು ಉಪ್ಪು ಕಟ್ಟಿದ್ದರೆ ತಂತಿಗಳನ್ನು ಬಿಚ್ಚಿ, ಬಿಸಿನೀರಿನಿಂದ ತೊಳೆದು, ಉಜ್ಜಿ, ಬಿಗಿಮಾಡಿ ಮೇಲೆ ವ್ಯಾಸಲೀನು ಸವರಬೇಕು. ಅಂತರವೇ ಇಲ್ಲದಿದ್ದರೆ ದೋಷವನ್ನು ಮುಂದೆ ಹೇಳಿದ ಕಡೆ ಹುಡುಕಬೇಕು.

ವೋಲ್ಟೇಜಿನ ಹೊಂದಾಣಿಕೆ

ಅನೇಕ ಕಂಟ್ರೋಲರುಗಳಲ್ಲಿ ಬ್ಯಾಟರಿಯ ಬಗೆಯನ್ನು ಗುಂಡಿ ಒತ್ತಿ ಆರಿಸುವ ಸೌಲಭ್ಯವಿದೆ. ಪರದೆಯ ಮೇಲೆ `b1`, `b2`, `b3` ಎಂದು ಬರುವುದುಂಟು. ಇವುಗಳ ಅರ್ಥ ಒಬ್ಬ ತಯಾರಕರಿಂದ ಇನ್ನೊಬ್ಬರಿಗೆ ಬೇರೆಯಾಗುವುದರಿಂದ ಜೊತೆಗೆ ಬಂದ ಹಾಳೆಯನ್ನು ನೋಡಿಯೇ ಆರಿಸಬೇಕು. ಮೂರು ಕೋಶದ ಲಿಥಿಯಂ ಬ್ಯಾಟರಿಗೆಂದು ಇರುವ 12.6 ವೋಲ್ಟಿನ ಹೊಂದಾಣಿಕೆಯನ್ನು ಸೀಸ-ಆಮ್ಲ ಬ್ಯಾಟರಿಗೆ ಇಟ್ಟರೆ, ಚಾರ್ಜು ಆರಂಭವಾದ ಸ್ವಲ್ಪ ಹೊತ್ತಿಗೇ ಅದು ನಿಂತುಬಿಡುತ್ತದೆ. ಇದಕ್ಕೆ ವಿರುದ್ಧವಾಗಿ, ಆ ಲಿಥಿಯಂ ಬ್ಯಾಟರಿಗೆ 14.4 ಇಡುವುದು ಅಪಾಯಕರ.

ಇನ್ನೊಂದು ವಿಷಯ ಬಿಸಿಲಿಗೆ ಸಂಬಂಧಿಸಿದುದು. ಕೆಲವು ಕಂಟ್ರೋಲರುಗಳು ಸೆಖೆ ಹೆಚ್ಚಿದಂತೆ ತಾವಾಗಿಯೇ ಮಿತಿಯನ್ನು ಇಳಿಸುತ್ತವೆ. 12 ವೋಲ್ಟಿನ ಬ್ಯಾಟರಿಗೆ ಈ ಇಳಿಕೆ 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.024 ವೋಲ್ಟು. ಬ್ಯಾಟರಿಯೂ ಅಷ್ಟೇ ಬಿಸಿಯಾಗಿದ್ದರೆ ಇದು ಸರಿಯೇ. ಆದರೆ ಬ್ಯಾಟರಿ ತಂಪಿನಲ್ಲಿದ್ದು, ಕಂಟ್ರೋಲರು ಮುಚ್ಚಿದ ತಗಡಿನ ಪೆಟ್ಟಿಗೆಯಲ್ಲಿ 60 ಡಿಗ್ರಿಗೆ ಕಾದಿದ್ದರೆ, ಮಿತಿ 14.4ರಿಂದ ಸುಮಾರು 13.5ಕ್ಕೆ ಬೀಳುತ್ತದೆ. ಆದುದರಿಂದ ಎರಡನ್ನೂ ಒಂದೇ ನೆರಳಿನಲ್ಲಿ, ಗಾಳಿಯಾಡುವಂತೆ ಇಡಬೇಕು.

ಚಾರ್ಜೇ ಆಗದಿದ್ದರೆ: ಧನ ಮತ್ತು ಋಣ ತುದಿಗಳು

ಹೊಸದಾಗಿ ಜೋಡಿಸಿದಾಗ ಅಥವಾ ತಂತಿ ಕಡಿದು ಮತ್ತೆ ಕೂಡಿಸಿದಾಗ ಚಾರ್ಜು ನಿಂತಿದ್ದರೆ ಮೊದಲು ನೋಡಬೇಕಾದುದು ಇದನ್ನೇ. ತಂತಿಯ ಬಣ್ಣವನ್ನು ನಂಬಬಾರದು. ನಡುವೆ ಗಂಟು ಹಾಕಿದ ಕಡೆ ಕೆಂಪಿಗೆ ಕಪ್ಪು ಸೇರಿರಬಹುದು. ಮೀಟರಿನ ಕೆಂಪು ಕಡ್ಡಿಯನ್ನು ಧನ ಎಂದು ತಿಳಿದ ತಂತಿಗೂ, ಕಪ್ಪು ಕಡ್ಡಿಯನ್ನು ಋಣಕ್ಕೂ ಮುಟ್ಟಿಸಬೇಕು. ಅಂಕಿಯ ಹಿಂದೆ `-` ಚಿಹ್ನೆ ಬಂದರೆ ತಂತಿಗಳು ಅದಲುಬದಲಾಗಿವೆ. ಫಲಕದ ತೆರೆದ ವೋಲ್ಟೇಜು 20ನ್ನು ದಾಟಬಹುದಾದ್ದರಿಂದ ಅದನ್ನು 200ರ ಮಟ್ಟದಲ್ಲಿ ಅಳೆಯಬೇಕು.

ಫಲಕದ ತಂತಿ ತಿರುಗಿದ್ದರೆ ಸಾಮಾನ್ಯವಾಗಿ ಚಾರ್ಜು ಆಗುವುದಿಲ್ಲ, ಅಷ್ಟೆ. ಅಗ್ಗದ ಕಂಟ್ರೋಲರು ಕೆಡಲೂಬಹುದು. ಬ್ಯಾಟರಿಯ ತಂತಿ ತಿರುಗಿದರೆ ಫ್ಯೂಸು ಹೋಗುತ್ತದೆ, ಫ್ಯೂಸಿಲ್ಲದಿದ್ದರೆ ಕಂಟ್ರೋಲರೇ ಸುಡಬಹುದು. ಆದುದರಿಂದ ತಿರುಪು ಬಿಗಿಯುವ ಮೊದಲೇ ಅಳೆದು ನೋಡಬೇಕು.

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಫಲಕ, ಕೊನೆಗೆ ಬೇಲಿಯ ಯಂತ್ರ. ಬಿಚ್ಚುವಾಗ ಇದರ ತಿರುವು. ತಾನಾಗಿಯೇ 12 ಅಥವಾ 24 ವೋಲ್ಟನ್ನು ಗುರುತಿಸಿಕೊಳ್ಳುವ ಕಂಟ್ರೋಲರಿಗೆ ಮೊದಲು ಫಲಕ ಜೋಡಿಸಿದರೆ, ಅದು 20 ವೋಲ್ಟನ್ನು ಕಂಡು 24ರ ಜೋಡಣೆಯೆಂದು ತಿಳಿಯಬಹುದು. ಬ್ಯಾಟರಿ ತೀರ ಇಳಿದುಹೋಗಿದ್ದರೆ ಕಂಟ್ರೋಲರು ಎಚ್ಚರವಾಗುವುದೇ ಇಲ್ಲ, ಏಕೆಂದರೆ ಅದು ನಡೆಯುವುದೂ ಬ್ಯಾಟರಿಯಿಂದಲೇ.

ನೆರಳು ಮತ್ತು ಧೂಳು

12 ವೋಲ್ಟಿನ ಫಲಕದಲ್ಲಿ ಸಾಮಾನ್ಯವಾಗಿ 36 ಕೋಶಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಅನೇಕ ಫಲಕಗಳಲ್ಲಿ 18 ಕೋಶಗಳಿಗೆ ಒಂದರಂತೆ ಪಕ್ಕದಾರಿಯ ಡಯೋಡು ಇರುತ್ತದೆ. ಒಂದು ಕೋಶದ ಮೇಲೆ ಗಾಢವಾದ ನೆರಳು ಬಿದ್ದರೂ ಆ ಅರ್ಧ ಫಲಕವೇ ಬದಿಗೆ ಸರಿಯುತ್ತದೆ. ಉಳಿದ ಅರ್ಧ ಕೊಡುವುದು 9 ವೋಲ್ಟಿನ ಸುಮಾರು. ಅದರಿಂದ 12 ವೋಲ್ಟಿನ ಬ್ಯಾಟರಿ ತುಂಬಲಾರದು. ಒಂದು ತೊಗರಿ ಗಿಡದ ತುದಿ ಅಥವಾ ಜಾಲಿಯ ಕೊಂಬೆಯ ನೆರಳು ಇದಕ್ಕೆ ಸಾಕು. ಬಿತ್ತನೆಯ ಕಾಲದಲ್ಲಿ ತಗ್ಗಿನಲ್ಲಿ ನಿಲ್ಲಿಸಿದ ಫಲಕವನ್ನು ತೊಗರಿ ಆಳೆತ್ತರ ಬೆಳೆದ ಮೇಲೆ ಮತ್ತೊಮ್ಮೆ ನೋಡಬೇಕು.

ಇಲ್ಲಿ ಮೀಟರು ಮೋಸ ಮಾಡುವುದುಂಟು. ತಂತಿ ಬಿಚ್ಚಿ ಅಳೆದರೆ ನೆರಳಿನಲ್ಲಿಯೂ 18-20 ವೋಲ್ಟು ಬರಬಹುದು. ಆದುದರಿಂದ ಆಂಪೇರನ್ನೇ ಅಳೆಯಬೇಕು. ಫಲಕವನ್ನು ಬಟ್ಟೆಯಿಂದ ಮುಚ್ಚಿ ಕಂಟ್ರೋಲರಿನಿಂದ ಬಿಚ್ಚಬೇಕು. ಮೀಟರಿನ ಕೆಂಪು ಕಡ್ಡಿಯನ್ನು `10A` ತೂತಿಗೆ ಹಾಕಿ, ಫಲಕದ ಎರಡು ತಂತಿಗಳಿಗೆ ಸೇರಿಸಿ, ಬಟ್ಟೆಯನ್ನು ಕೆಲವು ಸೆಕೆಂಡು ಮಾತ್ರ ತೆಗೆಯಬೇಕು. 75 ವ್ಯಾಟಿನ ಫಲಕಕ್ಕೆ ನಡುಹಗಲಿನಲ್ಲಿ 4 ಆಂಪೇರಿನಷ್ಟು ಬರಬೇಕು. ಈ ತೂತಿನಲ್ಲಿ ಕಡ್ಡಿಯಿಟ್ಟು ಬ್ಯಾಟರಿಯನ್ನು ಎಂದೂ ಮುಟ್ಟಬಾರದು. ಈ ಪರೀಕ್ಷೆಯಲ್ಲಿ ಅರ್ಧ ಫಲಕದ ನೆರಳು ಅಡಗಿಹೋಗಬಹುದು. ಆದುದರಿಂದ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ನೆರಳನ್ನು ಕಣ್ಣಾರೆ ನೋಡುವುದೂ ಅವಶ್ಯ.

ಸುಣ್ಣಕಲ್ಲಿನ ಗಣಿ ಮತ್ತು ಸಿಮೆಂಟು ಕಾರ್ಖಾನೆಗಳ ಹತ್ತಿರದ ಹೊಲಗಳಲ್ಲಿ ಧೂಳು ಇಬ್ಬನಿಯೊಂದಿಗೆ ಸೇರಿ ಗಾಜಿನ ಮೇಲೆ ಪೊರೆ ಕಟ್ಟುತ್ತದೆ. ಅದು ಗಟ್ಟಿಯಾಗುವ ಮೊದಲೇ, ಬೆಳಗಿನ ತಂಪಿನಲ್ಲಿ ನೀರು ಸುರಿದು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಕಾದ ಗಾಜಿನ ಮೇಲೆ ತಣ್ಣೀರು ಹಾಕಬಾರದು.

ಬ್ಯಾಟರಿಯೇ ಸವೆದಿದ್ದರೆ

ಮೇಲಿನ ಎಲ್ಲವೂ ಸರಿಯಿದ್ದು, ಬ್ಯಾಟರಿಯ ಕಂಬದ ಮೇಲೆಯೇ ಒಂದೆರಡು ಗಂಟೆಗಳಲ್ಲಿ 14.4 ಬಂದು, ಸಂಜೆ ದೀಪ ಹಚ್ಚಿದ ಕೂಡಲೇ 12ರ ಕೆಳಗೆ ಕುಸಿದರೆ, ಅದರೊಳಗಿನ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿದೆಯೆಂದು ತಿಳಿಯಬೇಕು. ತುಂಬಿದ ಬ್ಯಾಟರಿಯನ್ನು ಬಿಚ್ಚಿ ಐದಾರು ಗಂಟೆ ಬಿಟ್ಟು ಅಳೆದರೆ 12.7ರ ಸುಮಾರು ಇರಬೇಕು, 12.2 ಎಂದರೆ ಅರ್ಧ. ಮುಚ್ಚಳ ತೆರೆಯುವ ಬಗೆಯದಾದರೆ ಆಮ್ಲದ ಮಟ್ಟ ನೋಡಿ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು. ಈ ಭಾಗದ ಸುಣ್ಣದ ಅಂಶವುಳ್ಳ ಬಾವಿ ನೀರು ಸಲ್ಲದು.

ಸಲ್ಫೇಟು ಕಟ್ಟುವುದು ಬ್ಯಾಟರಿ ಬಹುದಿನ ಅರ್ಧ ಖಾಲಿ ನಿಂತಾಗ. ಮೇಲಿನ ಉದಾಹರಣೆಯ ತೆಳ್ಳಗಿನ ತಂತಿ ಮಾಡುವುದೂ ಅದನ್ನೇ: ಮೊದಲು ಸುಳ್ಳಾಗಿದ್ದ ‘ತುಂಬಿದೆ’ ಕೆಲವು ತಿಂಗಳಲ್ಲಿ ಬ್ಯಾಟರಿಯನ್ನೇ ಕೆಡಿಸುತ್ತದೆ. ಕಾರಣವನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದಕ್ಕೂ ಅದೇ ಗತಿ.

ಎಚ್ಚರಿಕೆ: ಬ್ಯಾಟರಿ ಕೈಕೊಟ್ಟ ರಾತ್ರಿ ಬೇಲಿಗೆ 230 ವೋಲ್ಟಿನ ಲೈನಿನಿಂದ ನೇರವಾಗಿ ವಿದ್ಯುತ್ ಕೊಡಬಾರದು. ಝಟಕಾ ಯಂತ್ರ ಕ್ಷಣಮಾತ್ರದ ಹೊಡೆತ ಕೊಟ್ಟು ಬಿಡುತ್ತದೆ. ಲೈನಿನ ವಿದ್ಯುತ್ತು ಬಿಡುವುದಿಲ್ಲ. ಅದರಿಂದ ಮನುಷ್ಯರೂ ದನಕರುಗಳೂ ಸಾಯುತ್ತವೆ, ಅದು ಅಪರಾಧವೂ ಹೌದು. ಬೇರೆ ಕಡೆ ಚಾರ್ಜು ಮಾಡಿದ 12 ವೋಲ್ಟಿನ ಬ್ಯಾಟರಿಯೊಂದನ್ನು ತಂದು ಆ ರಾತ್ರಿ ಕಳೆದು, ಬೆಳಿಗ್ಗೆ ಮೀಟರಿನಿಂದ ದೋಷ ಹುಡುಕುವುದೇ ಸರಿಯಾದ ಕ್ರಮ.